ವದಂತಿಗೆ ಉತ್ತರ: ತೊಂಬತ್ತು ಸೆಕೆಂಡುಗಳ ಚಿತ್ರಕಥೆ



2018ರಲ್ಲಿ ನಮ್ಮ ರಾಜ್ಯದ ಮೊಬೈಲುಗಳಲ್ಲಿ ಒಂದು ದೃಶ್ಯ ಓಡಾಡಿತು. ಓಣಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಮೋಟಾರು ಸೈಕಲ್ಲಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ದೃಶ್ಯ ಅಲ್ಲಿಗೇ ಮುಗಿಯುತ್ತದೆ. ಜೊತೆಗೆ, ಮಕ್ಕಳ ಕಳ್ಳರ ತಂಡ ನಿಮ್ಮೂರಿಗೂ ಬಂದಿದೆ ಎಂಬ ಬರಹ.

ಆ ವರ್ಷ ಜುಲೈ 13ರಂದು ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಕೆಲವು ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಜನ ಸಂಶಯಪಟ್ಟರು, ಅವರು ಕಾರಿನಲ್ಲಿ ಹೊರಟುಹೋದರು. ಆದರೆ ಕಾರಿಗಿಂತ ಮೊದಲೇ ವಾಟ್ಸಾಪ್ ಸಂದೇಶ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ಜನ ರಸ್ತೆ ತಡೆದು ಹೊಡೆದರು. ಒಬ್ಬ ಯುವಕ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು.

ಇಂಥ ಸಂದೇಶಕ್ಕೆ ದೃಶ್ಯರೂಪದಲ್ಲಿ ಉತ್ತರ ಬರೆಯುವುದು ಹೇಗೆ? ಅದೇ ಈ ಹೊತ್ತಿನ ಮಾತು.

ಮೊದಲು ಸಂದೇಶವನ್ನು ಬಿಡಿಸಿಕೊಳ್ಳಬೇಕು. ಅದರಲ್ಲಿ ಎರಡು ಹೇಳಿಕೆಗಳಿವೆ. ದೃಶ್ಯ ನಿಜವಾದ ಅಪಹರಣದ್ದು ಎಂಬುದು ಒಂದು. ಕಳ್ಳರು ನಮ್ಮೂರಿನಲ್ಲಿದ್ದಾರೆ ಎಂಬುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಸಾಕ್ಷ್ಯ ಬೇಕು. ಮೊದಲನೆಯದು ಸುಳ್ಳಾದ ಮಾತ್ರಕ್ಕೆ ಎರಡನೆಯದು ತಾನಾಗಿಯೇ ಸುಳ್ಳಾಗುವುದಿಲ್ಲ.

ಮೊದಲ ಹೇಳಿಕೆಯನ್ನು ಪರೀಕ್ಷಿಸಲು ದೃಶ್ಯವನ್ನು ಅಲ್ಲಲ್ಲಿ ನಿಲ್ಲಿಸಿ, ಸ್ಪಷ್ಟವಾದ ಮೂರು ನಾಲ್ಕು ಚೌಕಟ್ಟುಗಳನ್ನು ತೆಗೆದುಕೊಂಡು, ಚಿತ್ರದಿಂದ ಚಿತ್ರ ಹುಡುಕುವ ಸೌಲಭ್ಯದಲ್ಲಿ ಹಾಕಬೇಕು. ಸಿಕ್ಕವುಗಳಲ್ಲಿ ಅತ್ಯಂತ ಹಳೆಯದು ಯಾವುದು, ಅತ್ಯಂತ ಉದ್ದದ್ದು ಯಾವುದು ಎಂದು ನೋಡಬೇಕು. ಈ ದೃಶ್ಯದ ಮೂಲ ಪಾಕಿಸ್ತಾನದ ಕರಾಚಿಯದು. ಕಾಣೆಯಾದ ಮಕ್ಕಳಿಗಾಗಿ ದುಡಿಯುವ ರೋಶನಿ ಹೆಲ್ಪ್‌ಲೈನ್ ಎಂಬ ಸಂಸ್ಥೆಗಾಗಿ 2016ರಲ್ಲಿ ತಯಾರಾದ ಜಾಗೃತಿ ಚಿತ್ರ ಅದು. ಮೂಲದಲ್ಲಿ ಆ ಸವಾರರು ಮಗುವನ್ನು ಮರಳಿ ತಂದು ಬಿಡುತ್ತಾರೆ. ಮಕ್ಕಳ ಮೇಲೆ ಕಣ್ಣಿಡಿ ಎಂಬ ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಕೊನೆಯನ್ನು ಕತ್ತರಿಸಿ, ನಟನೆಯನ್ನು ಘಟನೆಯನ್ನಾಗಿ ಮಾಡಿದ್ದರು.

ಈಗ ಚಿತ್ರಕಥೆ. ಇಂಥದೇ ಸಂದೇಶ ನಾಳೆ ನಮ್ಮ ಹುಬ್ಬಳ್ಳಿಯ ವಿದ್ಯಾನಗರಕ್ಕೆ ಬಂದಿತು ಎಂದುಕೊಳ್ಳೋಣ.

ಮೊದಲ 10 ಸೆಕೆಂಡು: ನಿರೂಪಕರ ಮುಖ, ಒಂದೇ ವಾಕ್ಯ. "ಮೊಬೈಲಿನಲ್ಲಿ ಬರುತ್ತಿರುವ ಈ ದೃಶ್ಯ ಕರಾಚಿಯಲ್ಲಿ ತೆಗೆದ ಜಾಗೃತಿ ಚಿತ್ರದ ತುಣುಕು." ವದಂತಿಯನ್ನು ಮೊದಲು ಹೇಳಿ ಆಮೇಲೆ ಅಲ್ಲಗಳೆಯಬಾರದು. ಅರ್ಧಕ್ಕೆ ಎದ್ದು ಹೋದವರ ಕಿವಿಯಲ್ಲಿ ವದಂತಿಯೊಂದೇ ಉಳಿಯುತ್ತದೆ.

10ರಿಂದ 25: ಆ ತುಣುಕು, ಒಮ್ಮೆ ಮಾತ್ರ. ಪರದೆಯ ಕಾಲು ಭಾಗದಲ್ಲಿ, ಧ್ವನಿಯಿಲ್ಲದೆ, ಮೇಲೆ "ಅರ್ಧ ದೃಶ್ಯ" ಎಂಬ ಪಟ್ಟಿ. ಈ ಪಟ್ಟಿ ಪ್ರತಿ ಚೌಕಟ್ಟಿನಲ್ಲೂ ಇರಬೇಕು. ಇಲ್ಲದಿದ್ದರೆ ನಮ್ಮ ಉತ್ತರವನ್ನೇ ಕತ್ತರಿಸಿ ಮತ್ತೆ ವದಂತಿ ಮಾಡಿಯಾರು.

25ರಿಂದ 50: ಕತ್ತರಿಸಿದ ಕೊನೆ. ಮಗು ಮರಳುತ್ತದೆ, ಫಲಕ ಕಾಣುತ್ತದೆ. ಫಲಕದ ಮೇಲೆ ಚಿತ್ರವನ್ನು ನಿಲ್ಲಿಸಿ, ಅದರ ಅರ್ಥವನ್ನು ಕನ್ನಡದಲ್ಲಿ ಓದಬೇಕು. ಇಲ್ಲಿ ಅವಸರ ಬೇಡ. ನೋಡುವವರು ತಮ್ಮ ಕಣ್ಣಿನಿಂದಲೇ ತೀರ್ಮಾನಕ್ಕೆ ಬರುವ ಜಾಗ ಇದು.

50ರಿಂದ 70: ಎರಡನೆಯ ಹೇಳಿಕೆಗೆ ಉತ್ತರ. ವಿದ್ಯಾನಗರ ಪೊಲೀಸ್ ಠಾಣೆಯ ಅಧಿಕಾರಿ ಕ್ಯಾಮರಾ ಮುಂದೆ ಹೇಳಲಿ: ಇಂದಿನ ದಿನಾಂಕ, ಈ ಗಂಟೆಯವರೆಗೆ, ಇಂಥ ದೂರು ಬಂದಿದೆಯೇ ಇಲ್ಲವೇ. "ಮಕ್ಕಳ ಅಪಹರಣ ನಡೆಯುವುದೇ ಇಲ್ಲ" ಎಂಬ ಮಾತು ಬೇಡ. ನಾಳೆ ಎಲ್ಲಾದರೂ ಒಂದು ಮಗು ಕಾಣೆಯಾದರೆ ನಮ್ಮ ಇಡೀ ಉತ್ತರವನ್ನೇ ಜನ ತಳ್ಳಿಹಾಕುತ್ತಾರೆ. ದೂರು ಬಂದಿದ್ದರೆ ಅದನ್ನೂ ಹೇಳಲೇಬೇಕು.

ಕೊನೆಯ 20 ಸೆಕೆಂಡು: ಮಾಡಬೇಕಾದ ಕೆಲಸ. ಅಪರಿಚಿತರ ಮೇಲೆ ಸಂಶಯ ಬಂದರೆ 112ಕ್ಕೆ ಕರೆ ಮಾಡಿ, ಮಗುವಿನ ವಿಷಯವಾದರೆ 1098ಕ್ಕೂ ಮಾಡಬಹುದು. ಯಾರನ್ನೂ ತಡೆದು ಹೊಡೆಯಬೇಡಿ. ಪರದೆಯ ಮೇಲೆ ಆ ಸಂಖ್ಯೆಗಳು ಮತ್ತು ದಿನಾಂಕ.

ಇಡೀ ಚಿತ್ರಕ್ಕೆ ಹಿನ್ನೆಲೆ ಸಂಗೀತ ಬೇಡ, ಕೆಂಪು ಅಕ್ಷರ ಬೇಡ. ಸಂದೇಶ ಕಳಿಸಿದವರನ್ನು ದಡ್ಡರೆನ್ನುವುದಂತೂ ಬೇಡವೇ ಬೇಡ. ಅವರಲ್ಲಿ ಹೆಚ್ಚಿನವರು ತಮ್ಮ ಮಕ್ಕಳಿಗಾಗಿ ಹೆದರಿದ ತಾಯಿ ತಂದೆಯರು. ಬೈಸಿಕೊಂಡವರು ನಮ್ಮ ಚಿತ್ರವನ್ನು ಮುಂದಕ್ಕೆ ಕಳಿಸುವುದಿಲ್ಲ; ವದಂತಿ ಹೋದ ಗುಂಪುಗಳಿಗೇ ಉತ್ತರ ತಲುಪಬೇಕಾದರೆ ಅವರೇ ಕಳಿಸಬೇಕು.

ಈ ವಿಧಾನಕ್ಕೊಂದು ಮಿತಿಯಿದೆ. ಮುರ್ಕಿಯಲ್ಲಿ ಜನ ಸೇರಿದ ಮೇಲೆ ಯಾವ ಚಿತ್ರವೂ ಅವರನ್ನು ತಡೆಯುತ್ತಿರಲಿಲ್ಲ. ಅದೇ ತಿಂಗಳು ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಮುಂದಕ್ಕೆ ಕಳಿಸುವ ಮಿತಿ ಹಾಕಲು ಹೊರಟಿತು. ಅದು ವೇಗವನ್ನು ತಗ್ಗಿಸೀತು, ನಂಬಿಕೆಯನ್ನಲ್ಲ. ಆದ್ದರಿಂದ ವದಂತಿ ಊರಿಗೆ ಬಂದ ಮೊದಲ ದಿನವೇ, ಜನ ರಸ್ತೆಗಿಳಿಯುವ ಮುನ್ನ, ಕತ್ತರಿಸಿದ ಆ ಕೊನೆ ಅವರ ಕೈಯಲ್ಲಿರಬೇಕು.