ನಾಡಿ ತೋರುವ ಎರಡು ಬಗೆಯ ದಣಿವು



ನಮ್ಮ ಜತ್ತ ಭಾಗದ ಎಷ್ಟೋ ತರುಣ ತರುಣಿಯರು ಸೈನ್ಯ ಮತ್ತು ಪೊಲೀಸ್ ಭರ್ತಿಗಾಗಿ ನಸುಕಿನಲ್ಲಿಯೇ ಎದ್ದು ಓಡುತ್ತಾರೆ. ನೆರೆಯ ಸಾತಾರಾ ಜಿಲ್ಲೆಯ ಮಾಣ ತಾಲೂಕು ನಮ್ಮಂತೆಯೇ ಬರದ ನಾಡು. ಅಲ್ಲಿಯ ಲಲಿತಾ ಬಾಬರ 2016ರ ರಿಯೊ ಒಲಿಂಪಿಕ್ಸ್‌ನ 3000 ಮೀಟರ್ ಸ್ಟೀಪಲ್‌ಚೇಸ್ ಅಂತಿಮ ಸ್ಪರ್ಧೆಯಲ್ಲಿ 10ನೆಯ ಸ್ಥಾನ ಪಡೆದರು. ನಮ್ಮ ಮಕ್ಕಳೂ ಹಾಗೆ ಓಡಲೆಂದು ನಾವು ಹಾರೈಸುತ್ತೇವೆ. ಆದರೆ ಓಟ ಮಿತಿಮೀರಿದಾಗ ದೇಹ ಕೊಡುವ ಸೂಚನೆಯನ್ನು ಓದುವುದನ್ನೂ ನಾವು ಕಲಿಯಬೇಕಾಗಿದೆ.

ಹೃದಯದ ಬಡಿತವನ್ನು ಎರಡು ನರವ್ಯವಸ್ಥೆಗಳು ಆಳುತ್ತವೆ. ಸಿಂಪಥೆಟಿಕ್ ನರಗಳು ಬಾರುಕೋಲಿನಂತೆ. ಅವು ಬಡಿತವನ್ನು ಚುರುಕುಗೊಳಿಸುತ್ತವೆ. ಪ್ಯಾರಾಸಿಂಪಥೆಟಿಕ್ ನರಗಳು ಮೂಗುದಾರದಂತೆ. ಅವು ಅದನ್ನು ತಡೆದು ನಿಧಾನಗೊಳಿಸುತ್ತವೆ. ವಿಶ್ರಾಂತಿಯಿಲ್ಲದ ಅತಿ ಸಾಧನೆಯಿಂದ ಈ ಸಮತೋಲ ಕೆಡುತ್ತದೆ. ಅದು ಯಾವ ಕಡೆಗೆ ವಾಲಿತೆಂಬುದರ ಮೇಲೆ ಅತಿ ಸಾಧನೆಯ ದಣಿವನ್ನು ಎರಡು ಬಗೆಯಾಗಿ ಹೇಳುವ ರೂಢಿ ಕ್ರೀಡಾ ವೈದ್ಯಶಾಸ್ತ್ರದಲ್ಲಿದೆ.

ಇದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಇಬ್ಬರು ಓಟಗಾರರಿದ್ದಾರೆಂದು ಭಾವಿಸಿರಿ. ಮೊದಲನೆಯವನ ಬೆಳಗಿನ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 58. ಭರ್ತಿ ಸಮೀಪಿಸಿತೆಂದು ಅವನು ದಿನವೂ ಬಿರುಸಿನ ಓಟ ಹೆಚ್ಚಿಸಿದ. ಎರಡು ವಾರಗಳಲ್ಲಿ ನಾಡಿ 68ಕ್ಕೇರಿ ಅಲ್ಲಿಯೇ ನಿಂತಿತು. ಮೊದಲು ಓಟ ಮುಗಿದ ಎರಡು ನಿಮಿಷಕ್ಕೆ 110ಕ್ಕೆ ಇಳಿಯುತ್ತಿದ್ದ ಬಡಿತ ಈಗ 130ರಲ್ಲಿಯೇ ಉಳಿಯುತ್ತದೆ. ರಾತ್ರಿ ನಿದ್ದೆ ಹತ್ತದು, ಊಟ ಸೇರದು, ತೂಕ ಇಳಿಯುತ್ತದೆ, ಸಣ್ಣ ಮಾತಿಗೂ ಸಿಡುಕು. ಇದು ಸಿಂಪಥೆಟಿಕ್ ಬಗೆ. ಇದು ಕಣ್ಣಿಗೆ ಬೀಳುವ ದಣಿವು. ಆದ್ದರಿಂದ ಮನೆಯವರು ಬೇಗ ಗುರುತಿಸುತ್ತಾರೆ.

ಎರಡನೆಯವಳು ದೂರದ ಓಟಗಾರ್ತಿ. ತಿಂಗಳುಗಟ್ಟಲೆ ಹೆಚ್ಚು ಹೆಚ್ಚು ಕಿಲೋಮೀಟರ್ ಓಡಿದ್ದಾಳೆ. ಅವಳ ಬೆಳಗಿನ ನಾಡಿ 54ರಿಂದ 48ಕ್ಕೆ ಇಳಿದಿದೆ. ಓಟದ ನಂತರವೂ ಬಡಿತ ಬೇಗನೆ ತಣಿಯುತ್ತದೆ. ನಿದ್ದೆ ಚೆನ್ನಾಗಿದೆ, ಸಿಡುಕಿಲ್ಲ. ನಾಡಿ ಕಡಿಮೆಯಾದುದು ಕಸುವಿನ ಗುರುತೆಂದು ನೋಡಿದವರು ಮೆಚ್ಚುತ್ತಾರೆ. ಆದರೆ 20 ನಿಮಿಷದಲ್ಲಿ ಮುಗಿಸುತ್ತಿದ್ದ 5 ಕಿಲೋಮೀಟರಿಗೆ ಈಗ ಇಪ್ಪತ್ತೊಂದೂವರೆ ನಿಮಿಷ ಬೇಕು. ಮೈಯೆಲ್ಲ ಬಲ ಹಾಕಿ ಓಡಿದರೂ, ಮೊದಲು 190ಕ್ಕೇರುತ್ತಿದ್ದ ನಾಡಿ 176ನ್ನು ದಾಟುವುದಿಲ್ಲ. ಮಾತು ಕಡಿಮೆಯಾಗಿದೆ, ಯಾವುದರಲ್ಲಿಯೂ ಉತ್ಸಾಹವಿಲ್ಲ. ಇದು ಪ್ಯಾರಾಸಿಂಪಥೆಟಿಕ್ ಬಗೆ. ಸಹನಶಕ್ತಿಯ ಓಟಗಾರರಲ್ಲಿ ವಿಶೇಷವಾಗಿ ಕಾಣುವಂಥದು.

ಅಪಾಯವಿರುವುದು ಇಲ್ಲಿಯೇ. ಒಳ್ಳೆಯ ತರಬೇತಿಯಿಂದಲೂ ಬೆಳಗಿನ ನಾಡಿ ಇಳಿಯುತ್ತದೆ. ಈ ದಣಿವಿನಿಂದಲೂ ಇಳಿಯುತ್ತದೆ. ಬೆಳಗಿನ ಒಂದೇ ಅಂಕಿಯಿಂದ ಇವೆರಡನ್ನೂ ಬೇರ್ಪಡಿಸಲಾಗದು. ಕಸುವು ಬೆಳೆದವಳಲ್ಲಿ ನಾಡಿಯೊಂದಿಗೆ ಓಟದ ಸಮಯವೂ ಇಳಿಯುತ್ತದೆ. ದಣಿದವಳಲ್ಲಿ ನಾಡಿ ಇಳಿಯುತ್ತದೆ, ಸಮಯ ಏರುತ್ತದೆ. ಇದನ್ನರಿಯದೆ, ಸಮಯ ಕೆಟ್ಟಿತೆಂದು ಇನ್ನಷ್ಟು ಓಡಿಸಿದರೆ ಮಗು ಇನ್ನೂ ಆಳಕ್ಕೆ ಇಳಿಯುತ್ತದೆ.

ಆದ್ದರಿಂದ ಓಡುವ ಮಕ್ಕಳು ಒಂದು ವಹಿ ಇಡಲಿ. ಬೆಳಿಗ್ಗೆ ಎಚ್ಚರವಾದೊಡನೆ, ಹಾಸಿಗೆ ಬಿಟ್ಟೇಳುವ ಮೊದಲೇ, ಹೆಬ್ಬೆರಳಿನ ಬುಡದಲ್ಲಿ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಲಿ. ವಾರಕ್ಕೊಮ್ಮೆ ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ ಓಡಿ ಸಮಯವನ್ನೂ, ಮುಗಿದೊಡನೆಯ ನಾಡಿಯನ್ನೂ, ಎರಡು ನಿಮಿಷದ ನಂತರದ ನಾಡಿಯನ್ನೂ ಬರೆಯಲಿ. ಓಟ ಮುಗಿದೊಡನೆ ಬಡಿತ ಇಳಿಯತೊಡಗುವುದರಿಂದ ಆಗ 10 ಸೆಕೆಂಡು ಎಣಿಸಿ ಆರರಿಂದ ಗುಣಿಸುವುದು ಲೇಸು. ಇದರಲ್ಲಿ ಒಂದು ಬಡಿತ ತಪ್ಪಿದರೂ ಆರರ ವ್ಯತ್ಯಾಸ ಬರುವುದೆಂಬ ನೆನಪಿರಲಿ. ಹೋಲಿಕೆ ತನ್ನ ಹಿಂದಿನ ಅಂಕಿಗಳೊಡನೆಯೇ ಹೊರತು ಗೆಳತಿಯ ಅಂಕಿಗಳೊಡನೆ ಅಲ್ಲ.

ನಾಡಿಗೂ ಮಿತಿಗಳಿವೆ. ಜ್ವರ, ನಿದ್ದೆಗೇಡು, ನಮ್ಮ ಬೇಸಿಗೆಯ ಸೆಕೆ, ನೀರಿನ ಕೊರತೆ, ರಕ್ತಹೀನತೆ ಇವೆಲ್ಲವೂ ಅದನ್ನು ಏರಿಸುತ್ತವೆ. ಒಂದು ದಿನದ ಏರಿಳಿತಕ್ಕೆ ಅರ್ಥವಿಲ್ಲ. ಎಲ್ಲರಲ್ಲಿಯೂ ಈ ಎರಡು ಬಗೆಗಳು ಇಷ್ಟು ಸ್ಪಷ್ಟವಾಗಿ ಬೇರೆಯಾಗಿ ಕಾಣುವುದೂ ಇಲ್ಲ. ಯುರೋಪಿನ ಮತ್ತು ಅಮೆರಿಕದ ಕ್ರೀಡಾ ವಿಜ್ಞಾನ ಸಂಸ್ಥೆಗಳು 2013ರಲ್ಲಿ ಕೂಡಿ ಹೊರಡಿಸಿದ ಹೇಳಿಕೆಯೂ ಯಾವುದೇ ಒಂದು ಪರೀಕ್ಷೆ ಈ ದಣಿವನ್ನು ನಿರ್ಣಯಿಸಲಾರದೆಂದು ಒಪ್ಪುತ್ತದೆ. ವಿಶ್ರಾಂತಿ ಕೊಟ್ಟರೂ ಓಟ ಸುಧಾರಿಸದಿರುವುದೇ ಮುಖ್ಯ ಲಕ್ಷಣ. ಬೇರೆ ಕಾಯಿಲೆ ಇಲ್ಲವೆಂಬುದನ್ನು ವೈದ್ಯರು ನೋಡಿ ಹೇಳಬೇಕು.

ಕೆಲವು ದಿನಗಳ ಬಿಡುವಿನಿಂದ ಚೇತರಿಸಿಕೊಂಡರೆ ಅದು ಸಾಮಾನ್ಯ ದಣಿವು. ನಿಜವಾದ ಅತಿ ಸಾಧನೆಯ ದಣಿವಿಗೆ, ಅದರಲ್ಲಿಯೂ ಎರಡನೆಯ ಬಗೆಗೆ, ವಾರಗಳೇಕೆ, ತಿಂಗಳುಗಳೇ ಬೇಕಾಗಬಹುದು. ತಲೆಸುತ್ತು, ಎದೆನೋವು ಅಥವಾ ಎಚ್ಚರ ತಪ್ಪುವುದು ಕಂಡರೆ ವಹಿಯನ್ನು ಬದಿಗಿಟ್ಟು ಅಂದೇ ವೈದ್ಯರಲ್ಲಿಗೆ ಹೋಗಬೇಕು. ಭರ್ತಿ ಮತ್ತೆ ಬಂದೀತು. ಸುಮ್ಮನಾದ ಮಗುವಿನ ಶಾಂತ ನಾಡಿಯನ್ನು ಕಂಡು ಸಮಾಧಾನಪಡುವ ಮುನ್ನ, ಅವಳ ಓಟದ ಸಮಯವನ್ನೊಮ್ಮೆ ಕೇಳೋಣ.