ದೂರವಾಣಿಯಲ್ಲಿ ಬಂದ ಸೂಚನೆಗೆ ಅಂದೇ ಟಿಪ್ಪಣಿ



ಕೊಳವೆಬಾವಿಯೊಂದರ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.8 ಮಿಲಿಗ್ರಾಂ ಇದ್ದು, 1.5ರ ಮಿತಿಯನ್ನು ಮೀರಿದೆಯೆಂದು ತಾಲ್ಲೂಕಿನ ಎಂಜಿನಿಯರರು ನಿಮ್ಮ ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ ಕರೆ ಮಾಡಿ ತಿಳಿಸಿದರೆಂದು ಭಾವಿಸೋಣ. "ಕುಡಿಯಲು, ಅಡುಗೆಗೆ ಈ ನೀರು ಕೊಡಬೇಡಿ; ವರದಿ ಸೋಮವಾರ ಬರುತ್ತದೆ" ಎಂಬುದು ಅವರ ಮಾತು. ಎರಡು ದಿನಗಳ ಬಳಿಕ ನೆನಪಿನಿಂದ "ಕೊಳವೆಬಾವಿ ಮುಚ್ಚಲು ಸೂಚನೆ" ಎಂದು ಬರೆದರೆ ಜಾನುವಾರುಗಳಿಗೂ ನೀರಿಲ್ಲದಂತಾಗುತ್ತದೆ. "ವರದಿ ಬರಲಿದೆ" ಎಂದಷ್ಟೇ ಬರೆದರೆ ಮಕ್ಕಳು ಅದೇ ನೀರನ್ನು ಕುಡಿಯುತ್ತಿರುತ್ತಾರೆ.

ಆದುದರಿಂದ ಕರೆ ಮುಗಿದೊಡನೆ, ಮಾತನಾಡಿದವರೇ ಟಿಪ್ಪಣಿ ಬರೆಯತಕ್ಕದ್ದು. ದಿನಾಂಕ, ಕರೆ ಆರಂಭವಾದ ಮತ್ತು ಮುಗಿದ ವೇಳೆ, ಕರೆ ಮಾಡಿದವರ ಹೆಸರು, ಹುದ್ದೆ ಮತ್ತು ದೂರವಾಣಿ ಸಂಖ್ಯೆ ಮೊದಲು ಬರಲಿ. ಮುಖ್ಯ ಸೂಚನೆಯನ್ನು ಅವರ ಮಾತಿನಲ್ಲಿಯೇ ದಾಖಲಿಸಿ, ನಮ್ಮ ಗ್ರಹಿಕೆಯನ್ನು ಬೇರೆ ಸಾಲಿನಲ್ಲಿ ಬರೆಯಬೇಕು. ಕೇಳಿಯೂ ಉತ್ತರ ದೊರೆಯದ ಪ್ರಶ್ನೆಯನ್ನೂ, ಉದಾಹರಣೆಗೆ ಟ್ಯಾಂಕರಿನ ವೆಚ್ಚ ಯಾವ ಲೆಕ್ಕಕ್ಕೆ ಎಂಬುದನ್ನೂ, ಬಿಡಬಾರದು. ಕೊನೆಗೆ ಬರೆದ ವೇಳೆ ಮತ್ತು ಸಹಿ ಇರಲಿ. ತಿದ್ದುಪಡಿ ಬೇಕಾದರೆ ಹಳೆಯ ಸಾಲು ಓದಲು ಬರುವಂತೆ ಒಂದು ಗೆರೆ ಎಳೆದು, ದಿನಾಂಕದೊಡನೆ ಚಿಕ್ಕ ಸಹಿ ಹಾಕಬೇಕು.

ಟಿಪ್ಪಣಿಯು ಆದೇಶವಲ್ಲ, ಅದು ಒಂದು ಕಡೆಯವರ ಬರಹ ಮಾತ್ರ. ಅಂದೇ ಅದರ ಸಾರಾಂಶವನ್ನು ಎಂಜಿನಿಯರರಿಗೆ ಇ-ಮೇಲ್ ಮೂಲಕ ಕಳುಹಿಸಿ, ತಪ್ಪಿದ್ದಲ್ಲಿ ತಿಳಿಸುವಂತೆ ಕೋರಿ, ಎರಡನ್ನೂ ಅದೇ ಕಡತದಲ್ಲಿ ಇರಿಸಬೇಕು. ಮುಂದೆ ವಿಚಾರಣೆ ನಡೆದರೆ, ಘಟನೆಯ ಹೊತ್ತಿಗೇ ಬರೆದ ಬರಹವನ್ನು ನೋಡಿ ನೆನಪು ಮಾಡಿಕೊಳ್ಳಲು ಸಾಕ್ಷಿಗೆ ಕಾನೂನಿನಲ್ಲಿ ಅವಕಾಶವಿದೆ. ಮುಂದಿನ ಸಭೆಯಲ್ಲಿ ಸದಸ್ಯರು ಈ ಕಡತವನ್ನು ಕೇಳಿ ಪರಿಶೀಲಿಸಬೇಕೆಂದು ಕೋರುತ್ತೇನೆ.