ಕಟ್ಟೆಯೋ, ಕಡಿತವೋ?

ಪಗಡೆಯ ಹಾಸನ್ನು ನೆಲದ ಮೇಲೆ ಬಿಡಿಸಿದಾಗ ಕಾಣುವುದು ನಾಲ್ಕು ತೋಳುಗಳ ಒಂದು ಶಿಲುಬೆಯಾಕಾರ. ಒಂದೊಂದು ತೋಳಿಗೂ ಎಂಟೆಂಟು ಮನೆಗಳ ಮೂರು ಸಾಲು. ಕಾಯಿಯು ನಡುಮನೆಯಿಂದ ಹೊರಟು, ತನ್ನ ತೋಳಿನ ನಡುಸಾಲಿನಲ್ಲಿ ಇಳಿದು, ಹೊರಸಾಲುಗಳನ್ನೆಲ್ಲ ಸುತ್ತಿ, ಮತ್ತೆ ಅದೇ ನಡುಸಾಲಿನಲ್ಲಿ ಏರಿ ಹಣ್ಣಾಗಬೇಕು. ಒಟ್ಟು 84 ಹೆಜ್ಜೆಯ ಪ್ರಯಾಣ. ದಾರಿಯಲ್ಲಿ ಅಲ್ಲಲ್ಲಿ ಗೀಟು ಹಾಕಿದ ಮನೆಗಳಿವೆ. ನಮ್ಮ ಕಡೆ ಅವನ್ನು ಕಟ್ಟೆಗಳೆನ್ನುತ್ತಿದ್ದೆವು. ಕಟ್ಟೆಯ ಮೇಲಿರುವ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಉಳಿದ ಮನೆಗಳಲ್ಲಿ ಸಿಕ್ಕಿಬಿದ್ದರೆ ನಡೆದದ್ದೆಲ್ಲ ವ್ಯರ್ಥ. ಮತ್ತೆ ನಡುಮನೆಯಿಂದಲೇ ಹೊರಡಬೇಕು.

ನಾನು ಹುಡುಗನಾಗಿದ್ದಾಗ ಬೇಸಗೆಯ ರಜೆಯಲ್ಲಿ ನನ್ನ ಅಜ್ಜಿಯ ಜೊತೆಗಾರನಾಗಿ ಆಡುತ್ತಿದ್ದೆ. ಎದುರುಬದುರು ಕುಳಿತವರು ಒಂದು ಪಕ್ಷ. ಇಬ್ಬರ ಕಾಯಿಗಳೂ ಹಣ್ಣಾದರೆ ಮಾತ್ರ ಗೆಲುವು. ಆ ಒಂದು ಸಂಜೆ ನನಗೆ ನಾಲ್ಕರ ಗರ ಬಿತ್ತು. ನನ್ನ ಹಳೆಯ ಕಾಯಿಯೊಂದು 68 ಹೆಜ್ಜೆ ನಡೆದು, ನಮ್ಮದೇ ತೋಳಿನ ಮೊದಲ ಮನೆಗೆ ಬಂದು ನಿಂತಿತ್ತು. ಅದರಿಂದ ನಾಲ್ಕು ಮನೆ ಮುಂದೆ ಕಟ್ಟೆ. ನನ್ನ ಇನ್ನೊಂದು ಕಾಯಿ ಪಕ್ಕದ ಎದುರಾಳಿಯ ತೋಳಿನಲ್ಲಿತ್ತು. ಅದರಿಂದ ನಾಲ್ಕು ಮನೆ ಮುಂದೆ, ಹೊರಟು ಹದಿಮೂರೇ ಹೆಜ್ಜೆ ನಡೆದಿದ್ದ ಆತನ ಕಾಯಿ. ಹಳೆಯದನ್ನು ಕಟ್ಟೆಗೇರಿಸಲೋ? ಆತನದನ್ನು ಕಡಿಯಲೋ?

ನಾನು ಕಡಿದೆ. ಕಾಯಿಯನ್ನು ಟಕ್ಕೆಂದು ಹೊಡೆದು ಎತ್ತುವ ಆ ಸುಖವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಆದರೆ ನನ್ನ ಹಳೆಯ ಕಾಯಿಗೆ ಮೂರು ಮನೆ ಹಿಂದೆ ಇನ್ನೊಬ್ಬ ಎದುರಾಳಿಯ ಕಾಯಿ ಕಾದಿತ್ತು. ಅವನಿಗೆ ಮೂರರ ಗರ ಬಿತ್ತು. ನನ್ನ 68 ಹೆಜ್ಜೆಗಳು ಹೋದವು. ಅಜ್ಜಿಯ ಕಾಯಿಗಳೆಲ್ಲ ಹಣ್ಣಾದರೂ ಆಟ ನಮ್ಮದಾಗಲಿಲ್ಲ. ನಾನು ಕಳೆದದ್ದು ನನ್ನ ಕಾಯಿಯನ್ನು ಮಾತ್ರವಲ್ಲ, ಆಕೆಯ ಆಟವನ್ನೂ.

ಅಜ್ಜಿ ಬೈಯಲಿಲ್ಲ. “ಮುಂದೆ ನೋಡಿದೆ, ಹಿಂದೆ ಎಣಿಸಲಿಲ್ಲವಲ್ಲ ಮಗು” ಎಂದಳು. ಆಮೇಲೆ ಆರು ಕವಡೆಗಳನ್ನು ನನ್ನ ಅಂಗೈಯಲ್ಲಿಟ್ಟು, “ಹಾಕುತ್ತಾ ಹೋಗು, ಯಾವುದು ಎಷ್ಟು ಸಲ ಬೀಳುತ್ತದೆಯೋ ನೋಡು” ಎಂದಳು. ಬಾಯಿ ಮೇಲಾಗಿ ಬಿದ್ದ ಕವಡೆ ಎರಡಾದರೆ ಎರಡು, ಮೂರಾದರೆ ಮೂರು, ಹೀಗೆ ಆರರವರೆಗೆ. ಒಂದೇ ಬಾಯಿ ತೆರೆದರೆ ಹತ್ತು. ಎಲ್ಲವೂ ಬೋರಲಾದರೆ ಇಪ್ಪತ್ತೈದು. ಕವಡೆಯ ಎರಡು ಮಗ್ಗುಲೂ ಸಮವಾಗಿ ಬೀಳುತ್ತವೆಂದು ಇಟ್ಟುಕೊಂಡರೆ, 64 ಗರಗಳಲ್ಲಿ ಮೂರು ಬೀಳುವುದು 20 ಸಲ. ಎರಡು ಮತ್ತು ನಾಲ್ಕು 15 ಸಲ, ಐದು ಮತ್ತು ಹತ್ತು 6 ಸಲ. ಆರೂ ಇಪ್ಪತ್ತೈದೂ ಒಂದೊಂದೇ ಸಲ. ಕವಡೆಗಳ ಹೊಟ್ಟೆ ಬೆನ್ನುಗಳು ಒಂದೇ ತೂಕದವಲ್ಲದ ಕಾರಣ ಈ ಲೆಕ್ಕ ಮನೆಯಿಂದ ಮನೆಗೆ ಸ್ವಲ್ಪ ಸರಿಯುತ್ತದೆ. ಅದಕ್ಕಾಗಿಯೇ ಆಕೆ ನನ್ನಿಂದ ಹಾಕಿಸಿದ್ದು.

ಹಾಗಾದರೆ ಹಿಂದೆ ಮೂರು ಮನೆಯ ದೂರದಲ್ಲಿ ವೈರಿಯಿದ್ದರೆ ಅದಕ್ಕಿಂತ ಕೆಟ್ಟ ಸ್ಥಳವಿಲ್ಲ. ಮೂರರಲ್ಲಿ ಒಂದು ಸಲ ಹೊಡೆತ ಬೀಳುತ್ತದೆ. 68 ಹೆಜ್ಜೆಯ ಮೂರನೆಯ ಒಂದು ಪಾಲೆಂದರೆ ಸುಮಾರು 23 ಹೆಜ್ಜೆ. ನಾನು ವೈರಿಯಿಂದ ಕಿತ್ತುಕೊಂಡದ್ದು ಕೇವಲ 13. ಕೊಟ್ಟದ್ದು ಹೆಚ್ಚು, ಪಡೆದದ್ದು ಕಡಿಮೆ.

ಆದರೆ ಕಟ್ಟೆಯನ್ನೇ ನೆಚ್ಚಬೇಕೆಂದು ಇದರ ಅರ್ಥವಲ್ಲ. ಗರಗಳ ಪಟ್ಟಿಯಲ್ಲಿ ಒಂದೂ ಇಲ್ಲ, ಏಳೂ ಇಲ್ಲ, ಎಂಟು ಒಂಬತ್ತುಗಳೂ ಇಲ್ಲ. ವೈರಿ ಒಂದು ಮನೆ ಹಿಂದಿದ್ದರೆ ಅಥವಾ ಏಳು ಮನೆ ಹಿಂದಿದ್ದರೆ, ಗೀಟಿಲ್ಲದ ಮನೆಯೂ ಆ ಒಂದು ಸರದಿಗೆ ಕಟ್ಟೆಯೇ. ಎಂಟು ಒಂಬತ್ತುಗಳ ದೂರಕ್ಕೆ ಆರು ಬಿದ್ದು, ಅದರಿಂದ ದೊರೆತ ಮರುಗರವೂ ಕೂಡಿಬರಬೇಕು. ಅದು ತೀರ ಅಪರೂಪ. ಅಂದು ಆ ವೈರಿ ಮೂರರ ಬದಲು ಏಳು ಮನೆ ಹಿಂದೆ ಇದ್ದಿದ್ದರೆ, ಕಡಿದದ್ದೇ ಸರಿಯಾಗುತ್ತಿತ್ತು. ಕಟ್ಟೆಗೇರಿದ್ದರೆ ಅದು ಹೇಡಿತನವಾಗುತ್ತಿತ್ತು.

ಇನ್ನೊಂದು ಮಾತನ್ನು ಆಟಕ್ಕೆ ಕೂರುವ ಮುನ್ನವೇ ಕೇಳಿಕೊಳ್ಳಬೇಕು. ಕೆಲವು ಮನೆಗಳಲ್ಲಿ ಕಡಿದವರಿಗೆ ಮತ್ತೊಂದು ಗರ ಉಂಟು. ನಮ್ಮಲ್ಲಿ ಇರಲಿಲ್ಲ. ಇದ್ದಿದ್ದರೆ ಆ ಗರದಿಂದಲೇ ಹಳೆಯ ಕಾಯಿಯನ್ನು ಮೂರರ ಅಪಾಯದಿಂದ ಸರಿಸಬಹುದಾಗಿತ್ತು, ನನ್ನ ದುಡುಕೇ ಜಾಣತನವೆನಿಸುತ್ತಿತ್ತು.

ಅಜ್ಜಿಯ ಹಾಸು ಈಗ ನನ್ನ ಪೆಟ್ಟಿಗೆಯಲ್ಲಿದೆ. ಅದನ್ನು ಬಿಡಿಸಿದಾಗಲೆಲ್ಲ, ಕಾಯಿಗೆ ಕೈ ಹಾಕುವ ಮೊದಲು, ನನ್ನ ಬೆರಳು ತಾನಾಗಿ ಹಿಂದಕ್ಕೆ ಮೂರು ಮನೆ ಎಣಿಸುತ್ತದೆ.